ಅಣ್ಣ ಅನ್ನಬೇಡ ಎಂದವನು

2023ರಲ್ಲಿ ನಾನು ಜಯನಗರದಲ್ಲಿ ವಕೀಲಿ ಮಾಡುತ್ತಿದ್ದೆ. ಅದರ ಜೊತೆಗೆ ಒಂದು ಹೌಸ್‌ಕೀಪಿಂಗ್ ಏಜೆನ್ಸಿಯ ಆಂತರಿಕ ಸಮಿತಿಯಲ್ಲಿ ಹೊರಗಿನ ಸದಸ್ಯೆಯಾಗಿದ್ದೆ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳವಾದರೆ ವಿಚಾರಣೆ ಮಾಡಲು ಹತ್ತು ಜನರಿಗೆ ಕಡಿಮೆಯಿಲ್ಲದ ಪ್ರತಿ ಸಂಸ್ಥೆಯಲ್ಲೂ ಇಂಥ ಸಮಿತಿ ಇರಬೇಕೆಂದು ಕಾನೂನು ಹೇಳುತ್ತದೆ. ಸಂಸ್ಥೆಯವರೇ ಸೇರಿಕೊಂಡು ವಿಷಯ ಮುಚ್ಚಿಹಾಕಬಾರದು ಎಂದು ಸಂಬಳಕ್ಕೆ ಇಲ್ಲದ ಒಬ್ಬರನ್ನು ಹೊರಗಿನಿಂದ ಕೂರಿಸುತ್ತಾರೆ. ಆ ಕುರ್ಚಿ ನನ್ನದಾಗಿತ್ತು. ಇಂಥ ಪ್ರಕರಣಗಳಲ್ಲಿ ಯಾರ ಗುರುತನ್ನೂ ಹೊರಗೆ ಬಿಡುವಂತಿಲ್ಲ. ಹಾಗಾಗಿ ಇಲ್ಲಿನ ಹೆಸರುಗಳೆಲ್ಲ ನಾನಿಟ್ಟವು.

ನನ್ನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಪ್ರಕರಣ ನನಗೆ ಅರ್ಥವಾದದ್ದು ಅದರಿಂದಲೇ. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ತಿಲಕ್ ನಗರದ ಒಂದೇ ಕೋಣೆಯ ಮನೆಯಲ್ಲಿ ಬೆಳೆದೆ, ಹಗಲು ಅಂಗಡಿಯಲ್ಲಿ ಬಿಲ್ಲು ಹಾಕಿ ಸಂಜೆ ಕಾಲೇಜಿನಲ್ಲಿ ಕಾನೂನು ಓದಿದೆ. ನಮ್ಮಮ್ಮ ಜಯನಗರದ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ಮನೆಯಲ್ಲಿ ನನ್ನ ವಯಸ್ಸಿನ ಹುಡುಗಿಯಿದ್ದಳು. ಅವಳ ಗೆಳತಿಯರು ಬಂದಾಗ ಅವಳ ತಾಯಿಯನ್ನು ‘ಆಂಟಿ’ ಎನ್ನುತ್ತಿದ್ದರು. ಒಂದು ದಿನ ನಾನೂ ಹಾಗೇ ಅಂದೆ. ಅಮ್ಮ ಅಡುಗೆಮನೆಯ ಹಿಂದಕ್ಕೆ ಎಳೆದುಕೊಂಡು ಹೋಗಿ ತೋಳು ಚಿವುಟಿದಳು.

“ಆಂಟಿ ಅಂತೆ ಆಂಟಿ. ಅವ್ರು ನಿಂಗೆ ಅಮ್ಮಾವ್ರು. ಹಂಗೇ ಅನ್ನು.”

ಆ ಮನೆಯ ಹುಡುಗಿ ನಮ್ಮಮ್ಮನನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. ಯಾವ ನೆಂಟಸ್ತಿಕೆಯ ಪದ ಯಾರ ಬಾಯಿಗೆ ಸಲ್ಲುತ್ತದೆ, ಯಾರ ಬಾಯಿಗೆ ಸಲ್ಲುವುದಿಲ್ಲ ಎಂಬುದನ್ನು ನಾನು ಕಾನೂನಿಗಿಂತ ಮೊದಲೇ ಕಲಿತಿದ್ದೆ.

ಜೆ.ಪಿ. ನಗರದ ದೊಡ್ಡ ಅಪಾರ್ಟ್‌ಮೆಂಟ್ ಒಂದರ ಸ್ವಚ್ಛತೆಯ ಗುತ್ತಿಗೆ ನಮ್ಮ ಏಜೆನ್ಸಿಯದಾಗಿತ್ತು. ನಲವತ್ತರಷ್ಟು ಹೆಂಗಸರು, ಅವರ ಮೇಲೊಬ್ಬ ಸೂಪರ್‌ವೈಸರ್. ಆತನನ್ನು ಚಂದ್ರು ಎನ್ನೋಣ. ನಲವತ್ತೆರಡರ ವಯಸ್ಸು, ಹಣೆಯಲ್ಲಿ ಕುಂಕುಮ, ಮಾತು ಮೃದು. ದೂರು ಕೊಟ್ಟವಳು ಮಂಜುಳ. ಸಾರಕ್ಕಿಯಲ್ಲಿ ಮನೆ, ಗಂಡ ಗೂಡ್ಸ್ ಆಟೋ ಓಡಿಸುತ್ತಿದ್ದ, ಶಾಲೆಗೆ ಹೋಗುವ ಒಬ್ಬ ಮಗಳು. ಬೇಸ್‌ಮೆಂಟಿನ ಸ್ಟೋರ್‌ರೂಮಿಗೆ ಫಿನಾಯಿಲ್ ತರಲೆಂದು ಪದೇಪದೇ ತನ್ನನ್ನೊಬ್ಬಳನ್ನೇ ಕರೆಯುತ್ತಿದ್ದ, ಕೊನೆಗೊಂದು ದಿನ ಬಾಗಿಲಿಗೆ ಅಡ್ಡ ನಿಂತು ಕೈಹಾಕಿದ, ಬಕೆಟ್ಟು ಎತ್ತಿ ಎಸೆದು ಓಡಿಬಂದೆ ಎಂಬುದು ಅವಳ ದೂರು. ಸ್ಟೋರ್‌ರೂಮಿನ ಕಡೆ ಕ್ಯಾಮೆರಾ ಇರಲಿಲ್ಲ. ಕಣ್ಣಾರೆ ಕಂಡವರೂ ಇರಲಿಲ್ಲ.

ಚಂದ್ರು ಬರೀ ಇಲ್ಲ ಎನ್ನಲಿಲ್ಲ. ರಜೆ ಕೊಡದ ಸಿಟ್ಟಿಗೆ ಸುಳ್ಳು ದೂರು ಕೊಟ್ಟಿದ್ದಾಳೆ, ಅವಳ ಮೇಲೆ ಕ್ರಮ ಆಗಬೇಕು ಎಂದು ಬರೆದುಕೊಟ್ಟ. ದುರುದ್ದೇಶದ ಸುಳ್ಳು ದೂರು ಎಂದು ಸಮಿತಿ ತೀರ್ಮಾನಿಸಿದರೆ ದೂರು ಕೊಟ್ಟವಳ ಮೇಲೆಯೇ ಕ್ರಮ ಜರುಗಿಸಲು ಕಾನೂನಿನಲ್ಲಿ ಅವಕಾಶವಿದೆ. ಹಾಗಾದರೆ ಮಂಜುಳಳ ಕೆಲಸ ಹೋಗುತ್ತಿತ್ತು. ಬನಶಂಕರಿಯಿಂದ ಬಿ.ಟಿ.ಎಂ.ವರೆಗಿನ ಸೂಪರ್‌ವೈಸರ್‌ಗಳಿಗೆಲ್ಲ ಒಬ್ಬರಿಗೊಬ್ಬರ ಪರಿಚಯ. ‘ಕೇಸ್ ಹಾಕೋಳು’ ಎಂಬ ಹೆಸರು ಬಿದ್ದರೆ ಬೇರೆ ಏಜೆನ್ಸಿಯ ಬಾಗಿಲೂ ಮುಚ್ಚುತ್ತದೆ. ಮನೆಯಲ್ಲಿ ಗಂಡ ಆಗಲೇ ಕೇಳಿದ್ದನಂತೆ: “ಬೆಳಗಾದ್ರೆ ಅಣ್ಣ ಅಣ್ಣ ಅಂತಿದ್ದೋಳು ನೀನೇ ಅಲ್ವಾ? ಈಗೇನು ಹೊಸ ರಾಗ?”

ಸಮಿತಿಯ ಅಧ್ಯಕ್ಷೆ ಏಜೆನ್ಸಿಯ ಎಚ್.ಆರ್. ಮುಖ್ಯಸ್ಥೆ. ಬಸವನಗುಡಿಯ ಹಳೇ ಕುಟುಂಬದವರು. ನ್ಯಾಯವಾಗಿ ನಡೆದುಕೊಳ್ಳಬೇಕೆಂಬ ಮನಸ್ಸಿದ್ದವರು. ಉಳಿದಿಬ್ಬರು ಸದಸ್ಯರು ಆಫೀಸಿನವರೇ, ಅಧ್ಯಕ್ಷೆ ಹೇಳಿದ್ದಕ್ಕೆ ತಲೆಯಾಡಿಸುವವರು.

ಮೊದಲ ದಿನ ಮಂಜುಳ ಹೇಳಿಕೆ ಕೊಟ್ಟಳು. ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅರ್ಧ ಮಾತಿಗೆ ನನ್ನ ಕಡೆ ತಿರುಗಿ “ಅಕ್ಕ, ನೀರು ಕುಡೀಬಹುದಾ?” ಎಂದಳು. ನೀರು ಕೊಟ್ಟು, “ಇಲ್ಲಿ ಮೇಡಂ ಅನ್ನಮ್ಮ” ಎಂದೆ. ಒರಟು ಅನ್ನಿಸಬಹುದು. ಆದರೆ ವಿಚಾರಣೆ ಮಾಡುವವಳು ಒಂದು ಕಡೆಯವರಿಗೆ ಅಕ್ಕನಾದರೆ ಇನ್ನೊಂದು ಕಡೆಯವರು ಆ ಪದವನ್ನೇ ಹಿಡಿದು ಮೇಲ್ಮನವಿಗೆ ಹೋಗುತ್ತಾರೆ. ಮರುದಿನ ಚಂದ್ರು ಬಂದ. ನನ್ನ ಮಾತಿನ ಧಾಟಿ ಕೇಳಿ ನಾನು ಯಾವ ಕಡೆಯಿಂದ ಬಂದವಳೆಂದು ಅಳೆದುಬಿಟ್ಟ. ಅಧ್ಯಕ್ಷೆಗೆ ‘ಮೇಡಂ’, ನನಗೆ ಮಾತ್ರ ‘ಅಕ್ಕ’.

“ಅಕ್ಕಾ, ನಿಮಗೆ ಗೊತ್ತಿಲ್ದೇ ಇರೋದಾ? ನಮ್ಮ ಜನ ಹೆಂಗೆ ಅಂತ ನೀವೇ ಹೇಳಿ.”

“ನಾನಿಲ್ಲಿ ಸದಸ್ಯೆ. ಅಕ್ಕ ಅಲ್ಲ. ಮುಂದೆ ಹೇಳಿ” ಎಂದೆ.

ಅವನ ವಾದ ಸರಳವಾಗಿತ್ತು. ಅಲ್ಲಿ ಎಲ್ಲ ಹೆಂಗಸರೂ ತನ್ನನ್ನು ಅಣ್ಣ ಎನ್ನುತ್ತಾರೆ. ಮಂಜುಳ ಎಲ್ಲರಿಗಿಂತ ಹೆಚ್ಚು ಎನ್ನುತ್ತಾಳೆ. ತಾನೂ ಅವಳನ್ನು ತಂಗಿಯಂತೆ ಕಂಡಿದ್ದೇನೆ. ಸಾಕ್ಷಿಗೆಂದು ತನ್ನ ಫೋನಿಗೆ ಅವಳು ಕಳಿಸಿದ್ದ ವಾಯ್ಸ್ ಮೆಸೇಜುಗಳನ್ನು ತಾನಾಗಿಯೇ ಒಪ್ಪಿಸಿದ. ಅಧ್ಯಕ್ಷೆ ಒಂದನ್ನು ಹಾಕಿ ಕೇಳಿಸಿದರು.

“ಅಣ್ಣ, ಸ್ಟೋರಿಗೆ ನಾನು ಬರಲ್ಲ ಅಣ್ಣ. ಸಾವಿತ್ರಕ್ಕನ್ನ ಕಳಿಸ್ತೀನಿ ಅಣ್ಣ. ತಪ್ಪು ತಿಳ್ಕೋಬೇಡಿ ಅಣ್ಣ, ನೀವು ನನ್ ಸ್ವಂತ ಅಣ್ಣ ಇದ್ದಂಗೆ ಅಣ್ಣ.”

ಚಂದ್ರು ಕೈ ಚೆಲ್ಲಿದ. “ನೋಡಿ ಮೇಡಂ. ಹೆದರಿದೋಳು ಹಿಂಗೆ ಮಾತಾಡ್ತಾಳಾ?”

ಅವನು ಎದ್ದು ಹೋದಮೇಲೆ ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಏನನ್ಸತ್ತೆ ನಿಮಗೆ? ತುಂಬಾ ಆತ್ಮೀಯತೆ ಇದೆ ಅಲ್ವಾ ಆ ದನಿಯಲ್ಲಿ? ಸ್ವಂತ ಅಣ್ಣ ಅಂತಿದಾಳೆ. ಆಮೇಲೇನೋ ಮನಸ್ತಾಪ ಆಗಿರ್ಬೇಕು.”

ನನಗೆ ಆ ದನಿಯಲ್ಲಿ ಆತ್ಮೀಯತೆ ಕೇಳಿಸಲಿಲ್ಲ. ಆದರೆ ‘ನನಗೆ ಹಾಗನ್ನಿಸಿತು’ ಎಂದು ವರದಿಯಲ್ಲಿ ಬರೆಯಲಾಗುವುದಿಲ್ಲ. ಉಳಿದ ಮೆಸೇಜುಗಳನ್ನೂ ಹಾಕಿಸಿದೆ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಳಿಸಿದ್ದು ಹೀಗಿತ್ತು: “ಅಣ್ಣ, ನಾಳೆ ಒಂದಿನ ರಜ ಬೇಕಿತ್ತು. ಮಗೂಗೆ ಜ್ವರ.” ಇನ್ನೊಂದು: “ಅಣ್ಣ, ಬಿ ಬ್ಲಾಕಲ್ಲಿ ನೀರು ಬರ್ತಿಲ್ಲ.” ಒಂದು ಮಾತಿಗೆ ಒಂದೇ ಅಣ್ಣ. ಬಾಗಿಲು ತಟ್ಟುವ ಹಾಗೆ ಅದು, ತಟ್ಟಿ ಒಳಗೆ ಬಂದು ವಿಷಯ ಹೇಳುವುದು. ಕೊನೆಯ ಎರಡು ತಿಂಗಳ ಮೆಸೇಜುಗಳಲ್ಲಿ ಪ್ರತಿ ಮಾತಿನ ಹಿಂದೆ, ಮುಂದೆ, ನಡುವೆ ಅಣ್ಣ. ಈಗ ಅದು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಮೇಲೆ ಮೇಜು ಕುರ್ಚಿಯನ್ನೆಲ್ಲ ಒಟ್ಟಿದ ಹಾಗಿತ್ತು.

ಸಂಜೆ ಒಂಟಿಯಾಗಿ ಆಟೋ ಹತ್ತುವ ಹೆಂಗಸಿಗೆ ಈ ವಿದ್ಯೆ ಗೊತ್ತು. “ಅಣ್ಣ, ಕೋಣನಕುಂಟೆಗೆ ಬರ್ತೀರಾ” ಎನ್ನುವಾಗ ಅವಳು ಬರೀ ಮರ್ಯಾದೆ ಕೊಡುತ್ತಿಲ್ಲ. ನೀನು ಅಣ್ಣ, ನಾನು ತಂಗಿ, ನಮ್ಮ ನಡುವೆ ಇನ್ನೇನೂ ಆಗಕೂಡದು ಎಂದು ಗೆರೆ ಎಳೆಯುತ್ತಿದ್ದಾಳೆ. ಹೆಚ್ಚಿನ ಚಾಲಕರು “ಹೂಂ, ಕೂತ್ಕೊಳ್ಳಮ್ಮ” ಎನ್ನುತ್ತಾರೆ. ಆ ‘ಅಮ್ಮ’ದಲ್ಲಿ ಗೆರೆಯನ್ನು ಒಪ್ಪಿದಂತಾಯಿತು. ಸಾರಕ್ಕಿ ಮಾರ್ಕೆಟ್ಟಿನಲ್ಲಿ “ಬನ್ನಿ ಅಕ್ಕ, ಸೊಪ್ಪು ತಾಜಾ ಇದೆ ಅಕ್ಕ” ಎನ್ನುವವನದು ಬೇರೆ ಲೆಕ್ಕ. ಅಕ್ಕ ಅನ್ನಿಸಿಕೊಂಡ ಮೇಲೆ ಚೌಕಾಸಿಗೆ ನಾಲಗೆ ಏಳುವುದಿಲ್ಲ. ಅದೇ ಹೆಂಗಸನ್ನು ಅವನು ಆಂಟಿ ಎಂದರೆ ಅವಳು ಪಕ್ಕದ ಗಾಡಿಗೆ ಹೋಗುತ್ತಾಳೆ. ಎಲ್ಲ ಕಡೆಯೂ ಒಂದು ಮಾತು ಮಾತ್ರ ನಿಜ: ಈ ಪದಗಳಿಗೆ ಉತ್ತರ ಬೇಕು. ಒಬ್ಬರು ಅಣ್ಣ ಎಂದರೆ ಸಾಲದು, ಎದುರಿನವನು ‘ಏನಮ್ಮ’ ಅಂತಲೋ ‘ಹೇಳು ತಂಗಿ’ ಅಂತಲೋ ಅನ್ನಬೇಕು. ಆಗಲೇ ಅದು ನೆಂಟಸ್ತಿಕೆ.

ಹಾಗಾದರೆ ಚಂದ್ರು ಅವಳಿಗೆ ಏನೆಂದು ಉತ್ತರ ಕೊಡುತ್ತಿದ್ದ? ನನ್ನ ತಲೆಯಲ್ಲಿ ಕೂತದ್ದು ಈ ಪ್ರಶ್ನೆ. ಅವನು ಮೆಸೇಜು ಕಳಿಸುತ್ತಿರಲಿಲ್ಲ, ಬರೀ ಕಾಲ್ ಮಾಡುತ್ತಿದ್ದ.

ಮಂಜುಳಳನ್ನು ಎರಡನೆಯ ಸಲ ಕರೆಸಿದಾಗ ಕೇಳಿದೆ. ಅವಳು ಸೀರೆಯ ಸೆರಗು ಹಿಂಡುತ್ತಲೇ ಹೇಳಿದಳು.

“ಮೊದ್ಲು ಏನಮ್ಮ ಅಂತಿದ್ರು. ಆಮೇಲೆ ಮಂಜು ಅಂತ ಶುರು ಮಾಡಿದ್ರು. ನನ್ನ ಅಣ್ಣ ಅನ್ಬೇಡ ಅಂದ್ರು ಮೇಡಂ. ನಾನು ಇನ್ನೂ ಜಾಸ್ತಿ ಅಂದೆ. ಅದೊಂದೇ ಇದ್ದಿದ್ದು ನನ್ ಹತ್ರ.”

“ದೂರಿನಲ್ಲಿ ಇದನ್ನ ಯಾಕೆ ಬರೀಲಿಲ್ಲ?”

“ಇದನ್ನೂ ಬರೀತಾರಾ ಮೇಡಂ? ಅಣ್ಣ ಅನ್ಬೇಡ ಅನ್ನೋದು ತಪ್ಪಾ ಅಂತ ಕೇಳಿದ್ರೆ ನಾನೇನ್ ಹೇಳ್ಲಿ?”

ಇದು ಅವಳ ಮಾತು. ಅವನು ಇಲ್ಲವೆಂದರೆ ಮತ್ತೆ ಇಬ್ಬರ ಮಾತು ಎದುರುಬದುರು. ಅಧ್ಯಕ್ಷೆ ಅದನ್ನೇ ಹೇಳಿದರು. ವರದಿ ಕೊಡುವ ಗಡುವು ಹತ್ತಿರ ಬರುತ್ತಿತ್ತು. ಉಳಿದದ್ದು ಒಬ್ಬಳೇ ಸಾಕ್ಷಿ, ಅವಳೂ ಚಂದ್ರುವಿನ ಕಡೆಯವಳು.

ಅವಳು ಲಕ್ಷ್ಮಮ್ಮ, ಅರವತ್ತರ ಹತ್ತಿರದವಳು. ಅಲ್ಲಿನ ಹೆಂಗಸರಿಗೆಲ್ಲ ದೊಡ್ಡಮ್ಮ. ಚಂದ್ರು ಎಲ್ಲರನ್ನೂ ಮನೆಯವರಂತೆ ನೋಡಿಕೊಳ್ಳುತ್ತಾನೆ ಎಂದು ಹೇಳಿಸಲು ಅವನೇ ಅವಳ ಹೆಸರು ಕೊಟ್ಟಿದ್ದ. ಅವಳು ಹೇಳುವಾಗ ಅವನೂ ಕೋಣೆಯಲ್ಲಿದ್ದ. ಮಂಜುಳ ಹೊರಗಿದ್ದಳು.

“ನನ್ ಮಗ ಇದ್ದಂಗೆ ಕಣವ್ವ” ಎಂದು ಲಕ್ಷ್ಮಮ್ಮ ಅಧ್ಯಕ್ಷೆಗೇ ಶುರು ಮಾಡಿದಳು. “ಬೆಳಗ್ಗೆ ಬಂದ ತಕ್ಷಣ ಏನ್ ಮಗ, ತಿಂಡಿ ಆಯ್ತಾ ಅಂತೀನಿ. ಮಂಡಿ ನೋವು ಮಗ, ಮೆಟ್ಲು ಬೇಡ ಮಗ ಅಂದ್ರೆ ಲಾಬಿ ಕೆಲ್ಸ ಕೊಡ್ತಾನೆ. ಸಾರ್ ಅಂದಿದ್ರೆ ಕೊಡ್ತಿದ್ನಾ? ಸಾರ್ ಅಂದ್ರೆ ರೂಲ್ಸು ಮಾತಾಡ್ತಾರೆ.”

ಚಂದ್ರು ತಲೆ ತಗ್ಗಿಸಿ ನಕ್ಕ. ಅಧ್ಯಕ್ಷೆಯೂ ನಕ್ಕರು.

“ಅವ್ರು ನಿಮ್ಮನ್ನ ಏನಂತಾರೆ?” ಎಂದು ಕೇಳಿದೆ.

“ದೊಡ್ಡಮ್ಮ ಅಂತಾನೆ. ಎಲ್ರನ್ನೂ ಅಮ್ಮ ಅಂತ ಸೇರಿಸೇ ಕರೆಯೋದು. ಏನಮ್ಮ ಸಾವಿತ್ರಿ, ಬಾರಮ್ಮ ನಾಗರತ್ನ, ಹಂಗೆ.”

“ಮಂಜುಳನ್ನ?”

“ಮಂಜು ಅಂತಾನೆ.” ಅಷ್ಟು ಹೇಳಿ ಅವಳು ನಗಲು ಶುರು ಮಾಡಿದಳು. ಊಟದ ಹೊತ್ತಿನ ತಮಾಷೆ ನೆನಪಾದವರ ನಗು ಅದು. “ಅವ್ಳೊಬ್ಳು ಅಣ್ಣ ಅನ್ನಂಗಿಲ್ಲ. ಈ ಗಲಾಟೆಗೆ ಎರಡು ತಿಂಗ್ಳು ಮುಂಚೆ ಲಿಫ್ಟ್ ಹತ್ರ ನಮ್ಮೆಲ್ರ ಮುಂದೇನೇ ಹೇಳ್ದ, ನೀನು ಅಣ್ಣ ಅನ್ಬೇಡ ಮಂಜು, ವಯಸ್ಸಾಗಿದ್ದು ನೆನಪಾಗತ್ತೆ ಅಂತ. ಸಾವಿತ್ರಿ ಕೇಳಿದ್ಲು, ನಾವು ಅಂದ್ರೆ ವಯಸ್ಸಾಗಲ್ವಾ ಅಂತ. ನೀವು ಅನ್ರಮ್ಮ, ನಿಮಗೇನು ಅಂದ. ಎಷ್ಟು ನಕ್ವಿ ಅವತ್ತು.”

ಕೋಣೆಯಲ್ಲಿ ಯಾರೂ ನಗಲಿಲ್ಲ. ಚಂದ್ರುವಿನ ಮುಖ ನೋಡಿದೆ. ಮೃದು ಮಾತಿನ ಆ ಮುಖದಲ್ಲಿ ಮೊದಲ ಸಲ ಏನೂ ಇರಲಿಲ್ಲ. ಲಕ್ಷ್ಮಮ್ಮ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ನಗು ಅರ್ಧದಲ್ಲಿ ನಿಂತಿತು.

“ನಾನೇನಾದ್ರೂ ತಪ್ಪು ಹೇಳಿದ್ನಾ ಮಗ?” ಎಂದು ಅವನನ್ನೇ ಕೇಳಿದಳು.

ಅವನು ಬಾಗಿಲ ಕಡೆ ಮುಖ ತಿರುಗಿಸಿದ.

ಅವರನ್ನು ಕಳಿಸಿ ನಾವು ನಾಲ್ವರು ಉಳಿದೆವು. ಅಧ್ಯಕ್ಷೆ ಮಂಜುಳಳ ಆ ಮೆಸೇಜನ್ನು ಮತ್ತೊಮ್ಮೆ ಹಾಕಿದರು. ಈ ಸಲ ಕೊನೆಯವರೆಗೆ ತಲೆ ಎತ್ತಲಿಲ್ಲ.

“ನಾನೂ ಕ್ಯಾಬ್ ಹತ್ತಿದ ತಕ್ಷಣ ಅಣ್ಣ ಅಂತೀನಿ” ಎಂದರು. “ರಾತ್ರಿ ಲೇಟಾದ್ರೆ ಎರಡು ಮೂರು ಸಲ ಅಂತೀನಿ. ಯಾಕೆ ಅಂತ ಯೋಚನೆನೇ ಮಾಡಿರ್ಲಿಲ್ಲ ನೋಡಿ.”

ಅವರು ಅಷ್ಟಕ್ಕೇ ಒಪ್ಪಲಿಲ್ಲ, ಒಪ್ಪಬಾರದು ಕೂಡ. ‘ಅಣ್ಣ ಅನ್ನಬೇಡ’ ಎನ್ನುವುದು ಅಪರಾಧವಲ್ಲ, ಅದರಿಂದ ಸ್ಟೋರ್‌ರೂಮಿನ ಘಟನೆ ಸಾಬೀತಾಗುವುದಿಲ್ಲ ಎಂದರು. ನಾನು ಹೇಳಿದ್ದು ಇಷ್ಟು. ಇಲ್ಲಿ ಕ್ರಿಮಿನಲ್ ಕೋರ್ಟಿನಂತೆ ಸಂಶಯಕ್ಕೆ ಎಡೆಯೇ ಇಲ್ಲದಷ್ಟು ಪುರಾವೆ ಬೇಕಿಲ್ಲ. ಎರಡು ಕಥೆಗಳಲ್ಲಿ ಯಾವುದು ಹೆಚ್ಚು ನಂಬಲರ್ಹ ಎಂದು ತೂಗಬೇಕು. ಅವನ ಇಡೀ ಕಥೆ ನಿಂತಿರುವುದು ತಾನು ಅವಳಿಗೆ ಅಣ್ಣ ಎಂಬ ಒಂದೇ ಕಂಬದ ಮೇಲೆ. ನಲವತ್ತು ಜನರಲ್ಲಿ ಒಬ್ಬಳಿಂದ ಮಾತ್ರ ಆ ಪದವನ್ನು ಅವನೇ ಕಿತ್ತುಕೊಂಡ. ಕಿತ್ತುಕೊಂಡ ಕಾಲದಿಂದಲೇ ಅವಳು ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾಳೆ, ಅದೇ ಕಾಲದಿಂದಲೇ ಸ್ಟೋರಿಗೆ ಬರಲ್ಲ ಎನ್ನುತ್ತಿದ್ದಾಳೆ. ಅವಳ ಕಥೆಗೆ ಅವನೇ ಕರೆಸಿದ ಸಾಕ್ಷಿ, ಅವನೇ ಒಪ್ಪಿಸಿದ ಮೆಸೇಜುಗಳು ಹೊಂದುತ್ತವೆ. ಅವನ ಕಥೆಗೆ ಹೊಂದುವುದಿಲ್ಲ.

ದೂರು ಸಾಬೀತಾಗಿದೆ ಎಂದು ನಾಲ್ವರೂ ಸಹಿ ಹಾಕಿದೆವು. ಅವನನ್ನು ಕೆಲಸದಿಂದ ತೆಗೆಯಬೇಕು ಎಂದು ಶಿಫಾರಸು ಮಾಡಿದೆವು.

ಕಥೆ ಇಲ್ಲಿಗೆ ಮುಗಿದಿದ್ದರೆ ಬರೆಯಲು ನನಗೂ ಹಿತವಾಗಿರುತ್ತಿತ್ತು.

ಶಿಫಾರಸನ್ನು ಜಾರಿ ಮಾಡುವುದು ಮಾಲೀಕರ ಕೆಲಸ. ಅನುಭವಸ್ಥ ಸೂಪರ್‌ವೈಸರ್ ಸಿಗುವುದು ಕಷ್ಟ ಎಂದು ಅವರು ಚಂದ್ರುವಿನಿಂದ ಕ್ಷಮಾಪಣೆ ಬರೆಸಿಕೊಂಡು ಕೋಣನಕುಂಟೆಯ ಇನ್ನೊಂದು ಅಪಾರ್ಟ್‌ಮೆಂಟಿಗೆ ವರ್ಗ ಮಾಡಿದರು. ನಾನು ಲಿಖಿತವಾಗಿ ಆಕ್ಷೇಪಿಸಿದೆ. ಮುಂದಿನ ವರ್ಷ ಸಮಿತಿಯನ್ನು ಹೊಸದಾಗಿ ರಚಿಸಿದಾಗ ಅದರಲ್ಲಿ ನನ್ನ ಹೆಸರಿರಲಿಲ್ಲ. ಅಧ್ಯಕ್ಷೆಯೂ ಬೇರೆ ಕಡೆ ಕೆಲಸ ಹುಡುಕಿಕೊಂಡರು.

ಮಂಜುಳಳ ಕೆಲಸ ಉಳಿಯಿತು. ಕಾಗದದ ಮೇಲೆ ಗೆದ್ದವಳು ಅವಳು. ಒಂದು ಸಂಜೆ ಅವಳು ಜಯನಗರದ ನನ್ನ ಆಫೀಸಿಗೆ ಬಂದಳು. ವಿಚಾರಣೆ ಮುಗಿದು ಎರಡು ತಿಂಗಳಾಗಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಕೆಲ್ಸ ಬಿಡ್ತಿದೀನಿ ಅಕ್ಕ.”

ಈಗ ಅವಳನ್ನು ತಿದ್ದುವ ಅಗತ್ಯವಿರಲಿಲ್ಲ. ಯಾರಾದರೂ ಏನಾದರೂ ಅಂದರಾ ಎಂದು ಕೇಳಿದೆ.

“ಯಾರೂ ಏನೂ ಅನ್ನಲ್ಲ. ಮೇಡಂ ಅಂತಾರೆ ಅಷ್ಟೆ. ಊಟಕ್ಕೆ ಕೂತ್ಕೊಳ್ಳಕ್ಕೆ ಹೋದ್ರೆ, ಮೇಡಂ ಬಂದ್ರು ಜಾಗ ಬಿಡ್ರೇ ಅಂತಾಳೆ ಸಾವಿತ್ರಕ್ಕ. ದೊಡ್ಡಮ್ಮ ಸೇರಿದ ದಿನದಿಂದ ನನ್ನ ಮಗಳೇ ಅಂತಿದ್ಲು ಅಕ್ಕ. ಅವ್ಳ ತಟ್ಟೆ ಅನ್ನ ನಂಗೆ ಹಾಕೋಳು. ಈಗ ಅವ್ಳೂ ಮೇಡಂ ಅಂತಾಳೆ. ನನ್ ಬಾಯಿಂದ್ಲೇ ಹೇಳ್ಸಿ ನನ್ ಮಗನ್ನ ಕಳಿಸ್ಬಿಟ್ರಿ ಮೇಡಂ ಅಂದ್ಲು.”

ಹೊಸ ಸೂಪರ್‌ವೈಸರ್ ಲಕ್ಷ್ಮಮ್ಮನಿಗೆ ಮೆಟ್ಟಿಲ ಕೆಲಸ ಕೊಟ್ಟಿದ್ದನಂತೆ. ಅವನನ್ನು ಅವಳು ಇನ್ನೂ ‘ಸಾರ್’ ಎನ್ನುತ್ತಿದ್ದಳು.

‘ಮೇಡಂ’ ಎನ್ನುವುದು ಬೈಗುಳವಲ್ಲ. ಅದರ ಮೇಲೆ ಯಾವ ಸಮಿತಿಗೂ ದೂರು ಕೊಡಲಾಗುವುದಿಲ್ಲ. ನನ್ನಂಥವಳು ಹದಿನಾರು ವರ್ಷ ಓದಿ ದುಡಿದು ಗಳಿಸಿದ ಪದ ಅದು. ಅದನ್ನೇ ತಂದು ಅವಳ ತಟ್ಟೆಯ ಮುಂದೆ ಗೋಡೆ ಕಟ್ಟಿದ್ದರು. ದೊಡ್ಡಮ್ಮ, ಅಕ್ಕ, ಮಗಳು ಎಂಬ ಪದಗಳಿಂದ ಆ ಬೇಸ್‌ಮೆಂಟಿನಲ್ಲಿ ಒಂದು ಮನೆ ಕಟ್ಟಿಕೊಂಡಿದ್ದರು ಅವರು. ಅದರಲ್ಲಿ ಮಂಡಿ ನೋವಿಗೆ ರಿಯಾಯಿತಿ ಸಿಗುತ್ತಿತ್ತು, ತಟ್ಟೆಯ ಅನ್ನ ಹಂಚಿಕೆಯಾಗುತ್ತಿತ್ತು. ಆ ಮನೆಯ ಅಣ್ಣನ ಮೇಲೆ ಬಾಯಿಬಿಟ್ಟವಳಿಗೆ ಒಳಗೆ ಜಾಗವಿರಲಿಲ್ಲ.

ಮಂಜುಳ ಬಿ.ಟಿ.ಎಂ.ನ ಒಂದು ಪಿ.ಜಿ.ಯಲ್ಲಿ ಅಡುಗೆ ಕೆಲಸಕ್ಕೆ ಸೇರಿದಳು. ಮೊದಲ ದಿನ ಅಲ್ಲಿನ ಹುಡುಗಿಯರು “ನಿಮ್ಮನ್ನ ಏನಂತ ಕರೀಬೇಕು, ಆಂಟೀನಾ ಅಕ್ಕಾನಾ?” ಎಂದು ಕೇಳಿದರಂತೆ. “ಮಂಜುಳ ಅಂತ ಹೆಸ್ರಿದೆಯಲ್ಲ, ಅದೇ ಸಾಕು ಅಂದೆ” ಎಂದು ಫೋನಿನಲ್ಲಿ ಹೇಳಿದಳು. ತರಕಾರಿ ತರುವವನನ್ನೂ ಗ್ಯಾಸ್ ತರುವವನನ್ನೂ ಸಾರ್ ಎನ್ನುತ್ತಾಳಂತೆ. ಅವರಿಗೆ ಅದು ಸೊಕ್ಕಿನಂತೆ ಕಾಣುತ್ತದಂತೆ.

ಈಗಲೂ ಇಂಥ ಎರಡು ಸಂಸ್ಥೆಗಳ ಸಮಿತಿಯಲ್ಲಿದ್ದೇನೆ. ಯಾರೇ ಬಂದರೂ ಘಟನೆಯ ಮೊದಲು ಕೇಳುವುದು ಇದನ್ನೇ: ನೀವು ಅವರನ್ನು ಏನೆಂದು ಕರೆಯುತ್ತಿದ್ದಿರಿ, ಅವರು ನಿಮ್ಮನ್ನು ಏನೆಂದು ಕರೆಯುತ್ತಿದ್ದರು, ಅದು ಬದಲಾದದ್ದು ಯಾವಾಗ. ಕಾನೂನಿನ ಪುಸ್ತಕದಲ್ಲಿ ಈ ಪ್ರಶ್ನೆಗಳಿಲ್ಲ. ಅಣ್ಣ, ಅಕ್ಕ, ಅಂಕಲ್ ಎನ್ನುವುದನ್ನು ಪ್ರೀತಿಯೆಂದು ನಂಬಿ ಸುಮ್ಮನಾಗುವುದು ಸುಲಭ. ಒಂದು ಸಲ ಅಂದರೆ ಅದು ವಾಡಿಕೆ. ಉಸಿರಿಗೊಂದು ಸಲ ಅಂದರೆ ಅಲ್ಲೊಬ್ಬರು ಏನನ್ನೋ ತಡೆಯುತ್ತಿದ್ದಾರೆ. ವೃತ್ತಿ ನನಗೆ ಕಲಿಸಿದ್ದು ಆ ವ್ಯತ್ಯಾಸಕ್ಕೆ ಕಿವಿಗೊಡುವುದನ್ನು.

ಕಳೆದ ತಿಂಗಳು, ಕೋರ್ಟಿಗೆ ಹೊರಡುವ ಹೊತ್ತಿಗೆ, ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಹೆಣ್ಣು ದನಿ, ಹಿಂದೆ ಎಲ್ಲೋ ಬಕೆಟ್ಟಿಗೆ ನೀರು ಬೀಳುತ್ತಿತ್ತು.

“ಅಕ್ಕ, ಮಂಜುಳ ನಿಮ್ ನಂಬರ್ ಕೊಟ್ಲು ಅಕ್ಕ. ಕೋಣನಕುಂಟೆ ಹತ್ರ ಅಪಾರ್ಟ್‌ಮೆಂಟಲ್ಲಿ ಕೆಲ್ಸ ಮಾಡ್ತೀನಿ ಅಕ್ಕ. ಇಲ್ಲೊಬ್ರು ಸೂಪರ್‌ವೈಸರ್ ಇದಾರೆ. ಎಲ್ರೂ ಅಣ್ಣ ಅಂತಾರೆ. ನಂಗೆ ಮಾತ್ರ ಅನ್ಬೇಡ ಅಂತಾರೆ ಅಕ್ಕ.”

ಕೋಟು ಕಳಚಿ ಕುರ್ಚಿಯ ಮೇಲೆ ಹಾಕಿ ಕೂತೆ.

“ಯಾವಾಗಿಂದಮ್ಮ?” ಎಂದು ಕೇಳಿದೆ.